ಎರಡನೇ ಶನಿವಾರ, ಕೊನೆಯ ಶುಕ್ರವಾರ: ದಿನಾಂಕ ಹುಡುಕುವ ಲೆಕ್ಕ

ಪ್ರಶ್ನೆ: ನಮ್ಮ ಗುಂಪಿನ ಸಭೆ ಪ್ರತಿ ತಿಂಗಳ ಎರಡನೇ ಶನಿವಾರ, ಲೆಕ್ಕ ಒಪ್ಪಿಸುವುದು ಕೊನೆಯ ಶುಕ್ರವಾರ. ವರ್ಷಕ್ಕಾಗುವಷ್ಟು ದಿನಾಂಕಗಳನ್ನು ಕ್ಯಾಲೆಂಡರ್ ತಿರುವಿ ಬರೆದುಕೊಂಡರೆ ಎಲ್ಲೋ ಒಂದು ತಪ್ಪಾಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲೇ ತಾನಾಗಿ ಬರುವಂತೆ ಮಾಡುವುದು ಹೇಗೆ?

ಉತ್ತರ: ತಿಂಗಳ 1ನೇ ತಾರೀಕು ಯಾವ ವಾರ ಅಂತ ಗೊತ್ತಿದ್ದರೆ ಎರಡನೇ ಶನಿವಾರಕ್ಕೆ ಒಂದು ಕಳೆಯುವ ಲೆಕ್ಕ ಸಾಕು. ಭಾನುವಾರಕ್ಕೆ 1, ಸೋಮವಾರಕ್ಕೆ 2, ಹೀಗೆ ಶನಿವಾರಕ್ಕೆ 7 ಅಂತ ಎಣಿಸಿ, ಬಂದ ಸಂಖ್ಯೆಯನ್ನು 15ರಿಂದ ಕಳೆಯಿರಿ. 2026ರ ಅಕ್ಟೋಬರ್ 1 ಗುರುವಾರ, ಅಂದರೆ 5. ಹದಿನೈದರಲ್ಲಿ ಐದು ಕಳೆದರೆ 10. ಅಕ್ಟೋಬರ್ 10 ಎರಡನೇ ಶನಿವಾರ.

ಇದು ಯಾಕೆ ತಪ್ಪುವುದಿಲ್ಲ ಅಂದರೆ, 15ನೇ ತಾರೀಕು ಯಾವಾಗಲೂ 1ನೇ ತಾರೀಕಿನ ವಾರವೇ ಆಗಿರುತ್ತದೆ. ಅಲ್ಲಿಂದ ಗುರುವಾರವಾದರೆ ಐದು ದಿನ, ಸೋಮವಾರವಾದರೆ ಎರಡು ದಿನ ಹಿಂದೆ ಹೋದರೆ ಸಿಗುವುದು ಶನಿವಾರವೇ. ಕಳೆಯುವ ಸಂಖ್ಯೆ 1ರಿಂದ 7ರ ಒಳಗೆ ಇರುವುದರಿಂದ ಉತ್ತರ 8ರಿಂದ 14ರ ಒಳಗೇ ಬರುತ್ತದೆ. ಎರಡನೇ ಶನಿವಾರ ಇರಬೇಕಾದ ಜಾಗವೂ ಅದೇ: 7ರ ಒಳಗಿದ್ದರೆ ಅದು ಮೊದಲನೆಯದು, 14 ದಾಟಿದರೆ ಮೂರನೆಯದು.

ಇನ್ನು ಹಾಳೆ. A2ರಲ್ಲಿ ವರ್ಷದ ಮೊದಲ ತಿಂಗಳ 1ನೇ ತಾರೀಕನ್ನು ನಿಜವಾದ ದಿನಾಂಕವಾಗಿ ಹಾಕಿ. A3ರಲ್ಲಿ ಮುಂದಿನ ತಿಂಗಳು, B2ರಲ್ಲಿ ಎರಡನೇ ಶನಿವಾರ, C2ರಲ್ಲಿ ಕೊನೆಯ ಶುಕ್ರವಾರ:

```
A3: =EDATE(A2,1)
B2: =A2+14-WEEKDAY(A2)
C2: =EOMONTH(A2,0)-MOD(WEEKDAY(EOMONTH(A2,0))+1,7)
```

ಮೂರನ್ನೂ ಕೆಳಕ್ಕೆ ಎಳೆದರೆ ಹನ್ನೆರಡು ತಿಂಗಳೂ ತುಂಬುತ್ತವೆ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಮೂರರಲ್ಲೂ ಇವು ಹೀಗೇ ನಡೆಯುತ್ತವೆ. ಉತ್ತರದ ಜಾಗದಲ್ಲಿ 46305 ಥರದ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಅಕ್ಟೋಬರ್ 10ರದ್ದೇ ಒಳಗಿನ ರೂಪ; ಆ ಕಾಲಮ್‌ನ ಫಾರ್ಮ್ಯಾಟನ್ನು ದಿನಾಂಕಕ್ಕೆ ಬದಲಾಯಿಸಿ. `#VALUE!` ಬಂದರೆ ಮಾತ್ರ A2ರಲ್ಲಿರುವುದು ದಿನಾಂಕವಲ್ಲ, ಬರೀ ಅಕ್ಷರ ಅಂತ ಅರ್ಥ.

ಕೊನೆಯ ಶುಕ್ರವಾರದ ಸೂತ್ರ ಉದ್ದ ಕಂಡರೂ ಮಾಡುವ ಕೆಲಸ ಚಿಕ್ಕದು. `EOMONTH` ತಿಂಗಳ ಕೊನೆಯ ದಿನ ಕೊಡುತ್ತದೆ, 28 ಇರಲಿ 31 ಇರಲಿ. `MOD` ಇರುವ ಭಾಗ, ಆ ದಿನದಿಂದ ಶುಕ್ರವಾರಕ್ಕೆ ಎಷ್ಟು ದಿನ ಹಿಂದೆ ಹೋಗಬೇಕು ಅಂತ ಹೇಳುತ್ತದೆ. 2026ರ ಅಕ್ಟೋಬರ್ 31 ಶನಿವಾರ, ಅಂದರೆ 7. ಒಂದು ಸೇರಿಸಿದರೆ 8, ಏಳರಿಂದ ಭಾಗಿಸಿದರೆ ಶೇಷ 1. ಒಂದು ದಿನ ಹಿಂದೆ, 30. ಕೊನೆಯ ದಿನವೇ ಶುಕ್ರವಾರವಾಗಿದ್ದರೆ ಶೇಷ 0 ಬಂದು ಅಲ್ಲೇ ನಿಲ್ಲುತ್ತದೆ.

ಇದೇ ಅಕ್ಟೋಬರ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಿ. ಶುಕ್ರವಾರಗಳು 2, 9, 16, 23, 30, ಒಟ್ಟು ಐದು. ಪಟ್ಟಿ ತಪ್ಪುವುದು ಹೆಚ್ಚಾಗಿ ಇಂಥ ತಿಂಗಳಲ್ಲೇ, ಯಾಕಂದರೆ ಬಹಳ ಜನ ಕೊನೆಯ ಶುಕ್ರವಾರ ಅಂದರೆ ನಾಲ್ಕನೆಯದು ಅಂತಲೇ ಲೆಕ್ಕ ಹಾಕಿರುತ್ತಾರೆ. ವರ್ಷಕ್ಕೆ ನಾಲ್ಕು ಅಥವಾ ಐದು ತಿಂಗಳಲ್ಲಿ ಮಾತ್ರ ಐದು ಶುಕ್ರವಾರ ಬರುವುದರಿಂದ, ಉಳಿದ ತಿಂಗಳುಗಳಲ್ಲಿ ಲೆಕ್ಕ ಸರಿಯಾಗಿಯೇ ಕಾಣುತ್ತಿರುತ್ತದೆ.

ಕ್ಯಾಲೆಂಡರ್‌ನ ಸಾಲು ಎಣಿಸುವುದೂ ಹೀಗೇ ಕೈಕೊಡುತ್ತದೆ. 2026ರ ಫೆಬ್ರವರಿ 1 ಭಾನುವಾರ. ಸೋಮವಾರದಿಂದ ಶುರುವಾಗುವ ಕ್ಯಾಲೆಂಡರ್‌ನಲ್ಲಿ ಮೊದಲ ಸಾಲಿನಲ್ಲಿ ಆ ಒಂದು ಭಾನುವಾರ ಬಿಟ್ಟರೆ ಏನೂ ಇರುವುದಿಲ್ಲ. ಎರಡನೇ ಸಾಲಿನ ಶನಿವಾರ 7, ಅದು ಮೊದಲನೇ ಶನಿವಾರ. ನಿಮಗೆ ಬೇಕಾದ 14 ಇರುವುದು ಮೂರನೇ ಸಾಲಿನಲ್ಲಿ. ಹಾಗೆಯೇ ಕೊನೆಯ ಸಾಲಿನಲ್ಲಿ ಶುಕ್ರವಾರ ಇದ್ದೇ ಇರುತ್ತದೆ ಅಂತಲೂ ಇಲ್ಲ. 2026ರ ನವೆಂಬರ್ ಮುಗಿಯುವುದು ಸೋಮವಾರ, ಕೊನೆಯ ಶುಕ್ರವಾರ 27 ಅದರ ಮೇಲಿನ ಸಾಲಿನಲ್ಲಿ ಕೂತಿರುತ್ತದೆ.

ಸೂತ್ರ ಬಳಸಿದರೂ ಒಂದು ಕಡೆ ಎಡವಬಹುದು. ಯಾರೋ ಅಭ್ಯಾಸಬಲದಿಂದ `WEEKDAY(A2,2)` ಅಂತ ಬರೆದಿರುತ್ತಾರೆ. ಆ 2 ಸೇರಿದರೆ ಎಣಿಕೆ ಸೋಮವಾರದಿಂದ ಶುರುವಾಗುತ್ತದೆ, ಆಗ B ಕಾಲಮ್‌ನ ಹನ್ನೆರಡು ಸಾಲೂ ಭಾನುವಾರಕ್ಕೆ ಬೀಳುತ್ತವೆ. ತಪ್ಪು ಹೀಗೆ ಒಂದೇ ಸಮ ಇರುವುದು ಒಂದು ರೀತಿಯಲ್ಲಿ ಒಳ್ಳೆಯದೇ, ಬೇಗ ಸಿಕ್ಕಿಬೀಳುತ್ತದೆ. ಅದಕ್ಕೇ ಪಕ್ಕದಲ್ಲಿ ಎರಡು ತಪಾಸಣೆ ಕಾಲಮ್ ಇಡುವುದು ಒಳ್ಳೆಯದು ಅನ್ನುತ್ತೇನೆ:

```
D2: =AND(WEEKDAY(B2)=7,DAY(B2)>=8,DAY(B2)<=14)
E2: =AND(WEEKDAY(C2)=6,MONTH(C2+7)<>MONTH(C2))
```

ಎರಡೂ ಉದ್ದಕ್ಕೂ `TRUE` ತೋರಿಸಬೇಕು. E2 ಹೇಳುವುದು ಇಷ್ಟೇ: ಈ ಶುಕ್ರವಾರಕ್ಕೆ ಏಳು ದಿನ ಕೂಡಿಸಿದರೆ ಮುಂದಿನ ತಿಂಗಳಿಗೆ ಹೋಗುತ್ತದಾದರೆ ಇದೇ ಕೊನೆಯದು. A2ರಲ್ಲಿ ಅಕಸ್ಮಾತ್ 1ರ ಬದಲು 5ನೇ ತಾರೀಕು ಕೂತಿದ್ದರೆ ಕೆಲವು ತಿಂಗಳಲ್ಲಿ B2 ಮೂರನೇ ಶನಿವಾರಕ್ಕೆ ಜಾರುತ್ತದೆ, ಆ ಸಾಲುಗಳಲ್ಲಿ D2 `FALSE` ಆಗುತ್ತದೆ.

ಕೈಯಲ್ಲಿ ಕಂಪ್ಯೂಟರ್ ಇಲ್ಲದಾಗ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಎರಡನೇ ಶನಿವಾರಕ್ಕೆ 20 ಕೂಡಿಸಿ. ಬಂದ ತಾರೀಕು ಆ ತಿಂಗಳಲ್ಲಿ ಇದ್ದರೆ ಅದೇ ಕೊನೆಯ ಶುಕ್ರವಾರ, ಇಲ್ಲದಿದ್ದರೆ 13 ಮಾತ್ರ ಕೂಡಿಸಿ. ಅಕ್ಟೋಬರ್‌ನಲ್ಲಿ 10ಕ್ಕೆ 20 ಸೇರಿ 30. ಫೆಬ್ರವರಿಯಲ್ಲಿ 14ಕ್ಕೆ 20 ಸೇರಿದರೆ 34, ಅಂಥ ತಾರೀಕಿಲ್ಲ. 13 ಸೇರಿಸಿದರೆ 27.

ಸಭೆಯ ಹಿಂದಿನ ದಿನ ನೆನಪೋಲೆ ಕಳಿಸುವುದಿದ್ದರೆ ಅದಕ್ಕೆ ‘ಎರಡನೇ ಶುಕ್ರವಾರ’ ಅಂತ ಬೇರೆ ನಿಯಮ ಮಾಡಬೇಡಿ, `=B2-1` ಅಂತಲೇ ಬರೆಯಿರಿ. 2026ರ ಆಗಸ್ಟ್ 1 ಶನಿವಾರ, ಆದ್ದರಿಂದ ಎರಡನೇ ಶನಿವಾರ 8, ಹಿಂದಿನ ದಿನ 7. ಅದು ಆ ತಿಂಗಳ ಮೊದಲನೇ ಶುಕ್ರವಾರ. ಎರಡನೇ ಶುಕ್ರವಾರ ಅಂತ ಹಾಕಿಕೊಂಡಿದ್ದರೆ ಸಭೆ ಮುಗಿದು ಆರು ದಿನಕ್ಕೆ ಓಲೆ ಹೋಗುತ್ತಿತ್ತು.

ಕೊನೆಗೆ ಈ ದಿನಾಂಕಗಳನ್ನು ಫೋನಿನ ಕ್ಯಾಲೆಂಡರ್‌ಗೆ ಪುನರಾವರ್ತನೆಯಾಗಿ ಹಾಕುವಾಗ, ಕ್ಯಾಲೆಂಡರ್ ಫೈಲ್‌ನ ಒಳಗೆ ನಿಯಮಗಳು ಹೀಗಿರಬೇಕು:

```
RRULE:FREQ=MONTHLY;BYDAY=2SA
RRULE:FREQ=MONTHLY;BYDAY=-1FR
```

ಮೈನಸ್ ಒಂದು ಅಂದರೆ ಹಿಂದಿನಿಂದ ಮೊದಲನೆಯದು. 2026ರ ಸೆಪ್ಟೆಂಬರ್ 25 ನಾಲ್ಕನೇ ಶುಕ್ರವಾರವೂ ಹೌದು, ಕೊನೆಯದೂ ಹೌದು. ಆ ದಿನದಿಂದ ಶುರುಮಾಡಿ ‘ನಾಲ್ಕನೇ ಶುಕ್ರವಾರ’ ಅಂತ ಆರಿಸಿದರೆ ಅಕ್ಟೋಬರ್‌ನಲ್ಲಿ 30ರ ಬದಲು 23ಕ್ಕೆ ಗಂಟೆ ಹೊಡೆಯುತ್ತದೆ. `5FR` ಅಂತ ಬರೆದರೆ ಇನ್ನೂ ಕಷ್ಟ: ಐದು ಶುಕ್ರವಾರ ಇಲ್ಲದ ತಿಂಗಳುಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹಾಗಾಗಿ ಹಾಕಿದ ಮೇಲೆ ಐದು ಶುಕ್ರವಾರ ಇರುವ ಒಂದು ತಿಂಗಳನ್ನೂ ನಾಲ್ಕೇ ಇರುವ ಒಂದು ತಿಂಗಳನ್ನೂ ತೆರೆದು C ಕಾಲಮ್ ಜೊತೆ ತಾಳೆ ನೋಡಿ.