ಎನ್‌ಎಂಸಿ ಸೆಲ್ಲೋ, ಎನ್‌ಸಿಎ ಸೆಲ್ಲೋ?

"ಎಲೆಕ್ಟ್ರಿಕ್ ಸೈಕಲ್ಲಿನ 48 ವೋಲ್ಟ್ ಬ್ಯಾಟರಿ ಹೊಸದಾಗಿ ಕಟ್ಟಿಸಬೇಕು. 52 ಸೆಲ್ ಹಿಡಿಸುತ್ತೆ. ಎನ್‌ಸಿಎ ಹಾಕಿದ್ರೆ ಜಾಸ್ತಿ ದೂರ ಓಡುತ್ತೆ, ಎನ್‌ಎಂಸಿ ಹಾಕಿದ್ರೆ ಜಾಸ್ತಿ ವರ್ಷ ಬರುತ್ತೆ ಅಂತಾರೆ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರ್ತೀನಿ. ಯಾವುದು ಹಾಕಿಸಲಿ? ಬೆಂಕಿ ಭಯ ಯಾವುದಕ್ಕೆ ಜಾಸ್ತಿ?"

ನಿಮ್ಮ ಬ್ಯಾಟರಿಗೆ ಎನ್‌ಎಂಸಿ ಹಾಕಿಸಿ. ಆದ್ರೆ ಕಾರಣ ಅಂಗಡಿಯವರು ಹೇಳಿದ್ದಲ್ಲ. ಎರಡೂ ಲಿಥಿಯಂ-ಅಯಾನ್ ಸೆಲ್‌ಗಳೇ. ಎನ್‌ಎಂಸಿಯಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುತ್ತೆ, ಎನ್‌ಸಿಎಯಲ್ಲಿ ನಿಕ್ಕಲ್, ಕೋಬಾಲ್ಟ್, ಅಲ್ಯುಮಿನಿಯಂ.

ನಾನು ಗೋಕುಲ ರೋಡಿನಲ್ಲಿ ಬ್ಯಾಟರಿ ಪ್ಯಾಕ್ ಕಟ್ಟುವ ಕೆಲಸ ಮಾಡ್ತೀನಿ. ಇದೇ ಮಾತು ಗಿರಾಕಿಗಳು ದಿನಾ ಕೇಳ್ತಾರೆ. ಎರಡು ನಿಜವಾದ ಸೆಲ್ ಇಟ್ಟುಕೊಂಡೇ ಲೆಕ್ಕ ಹಾಕೋಣ. ಎನ್‌ಸಿಎ ಕಡೆಯಿಂದ ಪ್ಯಾನಸೋನಿಕ್‌ನ NCR18650B, ಎನ್‌ಎಂಸಿ ಕಡೆಯಿಂದ ಎಲ್‌ಜಿಯ HG2. ಮೊದಲನೆಯದು ಸುಮಾರು 3.2 ಆಂಪಿಯರ್-ಅವರ್, ಎರಡನೆಯದು 3.0. ನಿಮ್ಮದು 13 ಸೀರೀಸ್, 4 ಪ್ಯಾರಲಲ್ ಆಗುತ್ತೆ, ಅಂದ್ರೆ ನಾಲ್ಕು ನಾಲ್ಕು ಸೆಲ್‌ಗಳ 13 ಗುಂಪು ಸಾಲಾಗಿ. ಎನ್‌ಸಿಎ ಹಾಕಿದರೆ ಸುಮಾರು 600 ವ್ಯಾಟ್-ಅವರ್, ಎನ್‌ಎಂಸಿ ಹಾಕಿದರೆ 560. ಪೆಡಲ್ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 15 ವ್ಯಾಟ್-ಅವರ್ ಖರ್ಚು ಅಂತ ಹಿಡಿಯಿರಿ. "ಜಾಸ್ತಿ ದೂರ" ಅಂದಿದ್ದು ಎರಡೂವರೆ ಕಿಲೋಮೀಟರ್, ಅಷ್ಟೇ.

ಈಗ ಕರೆಂಟಿನ ಕಡೆ ನೋಡಿ. ಆ ಎನ್‌ಸಿಎ ಸೆಲ್‌ನಿಂದ ಸುಮಾರು 6 ಆಂಪಿಯರ್‌ಗಿಂತ ಜಾಸ್ತಿ ಎಳೆಯಬಾರದು. HG2ಗೆ 20 ಆಂಪಿಯರ್ ತನಕ ತಾಕತ್ತಿದೆ. ಧಾರವಾಡದ ಕಡೆ ಏರು ಹತ್ತುವಾಗ ನಿಮ್ಮ ಕಂಟ್ರೋಲರ್ 25 ಆಂಪಿಯರ್ ಎಳೆದರೆ ನಾಲ್ಕು ಸೆಲ್ ಹಂಚಿಕೊಂಡು ಒಂದೊಂದರ ಪಾಲಿಗೆ ಆರು ಕಾಲು ಬರುತ್ತೆ. ಅಂದ್ರೆ ಎನ್‌ಸಿಎ ಅಲ್ಲೇ ತನ್ನ ಮಿತಿ ದಾಟಿತು. ಏಪ್ರಿಲ್ ಮಧ್ಯಾಹ್ನ ಹಾಗೆ ಓಡಿಸಿದರೆ ಪ್ಯಾಕಿನ ನಡುವಿನ ಸೆಲ್‌ಗಳು ಕೈ ಇಡೋಕಾಗದಷ್ಟು ಕಾಯುತ್ತವೆ, ಅವೇ ಮೊದಲು ಸೋಲುತ್ತವೆ. ಜಾಗ ಇದ್ದು 8 ಪ್ಯಾರಲಲ್ ಕಟ್ಟೋ ಹಾಗಿದ್ದರೆ ನಾನೇ ಎನ್‌ಸಿಎ ಹಾಕಿ ಅಂತಿದ್ದೆ. ಇದು ಈ ಎರಡು ಸೆಲ್‌ಗಳ ಮಾತು ರೀ, ಎಲ್ಲಾ ಎನ್‌ಸಿಎ ಹೀಗೇ ಅಂತಲ್ಲ. 20 ಆಂಪಿಯರ್ ಕೊಡುವ ಎನ್‌ಸಿಎ ಸೆಲ್‌ಗಳೂ ಸಿಗುತ್ತವೆ, ಆದ್ರೆ ಅವುಗಳಲ್ಲಿ ಆ ಜಾಸ್ತಿ ದೂರ ಇರೋದಿಲ್ಲ.

ಬಾಳಿಕೆ ವಿಷಯಕ್ಕೆ ಬರೋಣ. ಇಲ್ಲೇ ಜನ ಹೆಸರು ನೋಡಿ ಮೋಸ ಹೋಗೋದು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಇದೇ ಎರಡು ಸೆಲ್‌ಗಳನ್ನೂ ತಗೊಂಡು ಬೇರೆ ಬೇರೆ ಬಿಸಿ, ಬೇರೆ ಬೇರೆ ಕರೆಂಟ್, ಬೇರೆ ಬೇರೆ ಮಟ್ಟದ ತನಕ ತುಂಬಿಸಿ ಖಾಲಿ ಮಾಡಿ ಓಡಿಸಿ 2020ರಲ್ಲಿ ಫಲಿತಾಂಶ ಹಾಕಿದರು. ಸಾಮರ್ಥ್ಯ 80%ಗೆ ಇಳಿಯುವ ಹೊತ್ತಿಗೆ ಎನ್‌ಸಿಎ 250ರಿಂದ 1500 ಪೂರ್ತಿ ಚಾರ್ಜ್-ಡಿಸ್ಚಾರ್ಜ್ ಸುತ್ತು ಕೊಟ್ಟಿತ್ತು, ಎನ್‌ಎಂಸಿ 200ರಿಂದ 2500. ಕೆಟ್ಟದಾಗಿ ಓಡಿಸಿದ ಎನ್‌ಎಂಸಿ, ಚೆನ್ನಾಗಿ ಓಡಿಸಿದ ಎನ್‌ಸಿಎಗಿಂತ ಎಷ್ಟೋ ಮೊದಲೇ ಮುಗಿಯಿತು. 0ಯಿಂದ 100ರ ತನಕ ಎಳೆದಾಗ ಎರಡೂ ಬೇಗ ಸವೆದವು.

ಯಾಕೆ ಹೀಗೆ? ಎರಡರ ಕ್ಯಾಥೋಡೂ, ಅಂದ್ರೆ ಪ್ಲಸ್ ಕಡೆಯ ಪದಾರ್ಥವೂ, ಪದರ ಪದರವಾಗಿರುವ ನಿಕ್ಕಲ್ ಆಕ್ಸೈಡ್. ಕೆಲಸ ಮಾಡೋದು ಮುಖ್ಯವಾಗಿ ನಿಕ್ಕಲ್. ಜೊತೆಗಿರುವ ಮ್ಯಾಂಗನೀಸ್ ಆಗಲಿ ಅಲ್ಯುಮಿನಿಯಂ ಆಗಲಿ ಚಾರ್ಜಿಗೆ ಕೈ ಹಚ್ಚೋದಿಲ್ಲ, ಚೌಕಟ್ಟು ಬೀಳದ ಹಾಗೆ ಹಿಡಿದಿರುತ್ತವೆ. ಕೋಬಾಲ್ಟ್ ಇದ್ದರೆ ನಿಕ್ಕಲ್ ಹೋಗಿ ಲಿಥಿಯಂ ಜಾಗದಲ್ಲಿ ಕೂರೋದು ಕಮ್ಮಿಯಾಗುತ್ತೆ. ಚಾರ್ಜ್ ಮಾಡುವಾಗ ಲಿಥಿಯಂ ಹೊರಗೆ ಬರುತ್ತೆ. ಸೆಲ್ ವೋಲ್ಟೇಜ್ 4.1 ದಾಟಿ 4.2ರ ಹತ್ತಿರ ಹೋದಾಗ ನಿಕ್ಕಲ್ ಜಾಸ್ತಿ ಇರುವ ಪದರಗಳು ಒಮ್ಮೆಲೇ ಕುಗ್ಗುತ್ತವೆ, ಡಿಸ್ಚಾರ್ಜ್ ಆದಾಗ ಮತ್ತೆ ಹಿಗ್ಗುತ್ತವೆ. ನಮ್ಮ ನವಲಗುಂದ ಕಡೆಯ ಎರೆಹೊಲ ಬೇಸಿಗೆಯಲ್ಲಿ ಬಿರಿಯುತ್ತಲ್ಲ, ಹಾಗೆ ಕ್ಯಾಥೋಡಿನ ಕಣಗಳೂ ಒಳಗೆ ಬಿರಿಯುತ್ತವೆ. ಆ ಸಂದಿಗೆ ಸೆಲ್ಲಿನೊಳಗಿನ ದ್ರವ, ಎಲೆಕ್ಟ್ರೊಲೈಟ್, ಇಳಿದು ಹೊಸ ಮೇಲ್ಮೈಯನ್ನೂ ತಿನ್ನುತ್ತೆ. ಅಲ್ಲಿ ಲಿಥಿಯಂ ಓಡಾಡದ ಒಂದು ಪೊರೆ ಬೆಳೆಯುತ್ತೆ, ಸೆಲ್ಲಿನ ರೆಸಿಸ್ಟೆನ್ಸ್ ಏರುತ್ತೆ. ಎನ್‌ಸಿಎ ಮೇಲೆ ಜಪಾನಿನವರು ಮಾಡಿದ ಪರೀಕ್ಷೆಯಲ್ಲಿ 60 ಡಿಗ್ರಿ ಬಿಸಿಯಲ್ಲೂ 10ರಿಂದ 70%ರ ನಡುವೆ ಓಡಿಸಿದ ಸೆಲ್ ಹೆಚ್ಚು ಸವೆದಿರಲಿಲ್ಲ, 0ಯಿಂದ 100ರ ತನಕ ಓಡಿಸಿದ್ದರ ಕಣಗಳು ಬಿರುಕು ಬಿಟ್ಟು ಹಾಳಾಗಿದ್ದವು.

ಅದಕ್ಕೇ ನಾನು ಎನ್‌ಎಂಸಿ ಅಂದವರನ್ನು ಯಾವ ಎನ್‌ಎಂಸಿ ಅಂತ ಕೇಳೋದು. 111 ಅಂದರೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಸಮಪಾಲು. 811 ಅಂದರೆ ನಿಕ್ಕಲ್ಲೇ 80%. ಸಾಮಾನ್ಯ ಎನ್‌ಸಿಎಯಲ್ಲೂ ನಿಕ್ಕಲ್ 80%ರ ಆಸುಪಾಸೇ. ಹಾಗಾಗಿ 811ಕ್ಕೆ 111ರ ಜೊತೆ ಇರೋದಕ್ಕಿಂತ ಜಾಸ್ತಿ ನೆಂಟಸ್ತಿಕೆ ಎನ್‌ಸಿಎ ಜೊತೆಗೇ ಇದೆ. ಸೆಲ್ ಮೇಲೆ INR ಅಂತ ಬರೆದಿದ್ದರೆ ಅದರಿಂದ ಇದೇನೂ ತಿಳಿಯೋದಿಲ್ಲ, ಎರಡೂ ಜಾತಿಯ ಸೆಲ್‌ಗಳ ಮೇಲೆ ಅದನ್ನು ಹಾಕ್ತಾರೆ. ಮಾಡೆಲ್ ನಂಬರ್ ಹಿಡಿದು ಡೇಟಾಶೀಟ್ ತೆಗೆಸಿ ನೋಡಿ.

ಇನ್ನು ಬೆಂಕಿ. ಕೊರಿಯಾದ ಒಂದು ಅಧ್ಯಯನದಲ್ಲಿ (2013) ಚಾರ್ಜ್ ಆದ ಎನ್‌ಎಂಸಿ ಕ್ಯಾಥೋಡುಗಳನ್ನು ಕಾಯಿಸುತ್ತಾ ಹೋದರು. ನಿಕ್ಕಲ್ ಮೂರನೇ ಒಂದು ಪಾಲು ಇದ್ದದ್ದು 306 ಡಿಗ್ರಿ ತನಕ ತಡೆಯಿತು, 85% ಇದ್ದದ್ದು 225ಕ್ಕೇ ಒಡೆಯಿತು. ಎನ್‌ಸಿಎಯನ್ನು ಈ ಕೊನೆಯದರ ಪಕ್ಕದಲ್ಲೇ ಇಡಬೇಕು. ಒಡೆದಾಗ ಆಕ್ಸಿಜನ್ ಬಿಡುತ್ತೆ, ಪಕ್ಕದಲ್ಲೇ ಉರಿಯುವ ಎಲೆಕ್ಟ್ರೊಲೈಟ್ ಇರುತ್ತೆ. ಆದ್ರೆ ಗಮನಿಸಿ, ಅನಾಹುತ ಶುರುವಾಗೋದು ಕ್ಯಾಥೋಡಿನಿಂದಲ್ಲ. ಅದಕ್ಕೂ ಮೊದಲೇ, 100 ಡಿಗ್ರಿ ಆಸುಪಾಸಿನಲ್ಲಿ ಮೈನಸ್ ಕಡೆಯ ಗ್ರಾಫೈಟ್ ಮೇಲಿನ ರಕ್ಷಣೆಯ ಪೊರೆ ಹೋಗುತ್ತೆ, 130ರ ಹತ್ತಿರ ಎರಡೂ ಕಡೆ ಒಂದಕ್ಕೊಂದು ತಾಗದ ಹಾಗೆ ತಡೆಯುವ ಪ್ಲಾಸ್ಟಿಕ್ ಸೆಪರೇಟರ್ ಕರಗುತ್ತೆ. ಈ ಮೆಟ್ಟಿಲುಗಳು ಎನ್‌ಎಂಸಿ, ಎನ್‌ಸಿಎ ಎರಡಕ್ಕೂ ಒಂದೇ. ಹಾಗಾಗಿ ಮೊದಲ ಮೆಟ್ಟಿಲೇ ಹತ್ತದ ಹಾಗೆ ನೋಡಿಕೊಳ್ಳೋದು ಮುಖ್ಯ.

ನಿಮ್ಮ ಕಣ್ಣೆದುರೇ ಒಂದು ಕೆಲಸ ಮಾಡಿಸಿ. ಈ 18650 ಅಳತೆಯ ಸೆಲ್ಲಿನ ಪ್ಲಸ್ ತುದಿ ನೋಡಿ. ನಡುವಿನ ಗುಂಡಿ ಪ್ಲಸ್, ಸುತ್ತಲಿನ ಅಂಚು ಮೈನಸ್. ಅವೆರಡರ ನಡುವೆ ಇರೋದು ತುಸುವೇ ಜಾಗ, ಅಂಚಿನ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹೊದಿಕೆ. ವೆಲ್ಡ್ ಮಾಡಿದ ನಿಕ್ಕಲ್ ಪಟ್ಟಿ ಕೆಟ್ಟ ರಸ್ತೆಯಲ್ಲಿ ಅದುರಿ ಅದುರಿ ಆ ಹೊದಿಕೆ ಸವೆಸಿದರೆ ನೇರ ಶಾರ್ಟ್. ಪ್ರತಿ ಸೆಲ್ಲಿಗೂ ಕರೆಂಟ್ ಹಾಯದ ಬಾರ್ಲಿ ಪೇಪರಿನ ಉಂಗುರ ಹಾಕಲೇಬೇಕು. ಖರ್ಚು ಏನೂ ಇಲ್ಲ ರೀ, ಆದ್ರೂ ಎಷ್ಟೋ ಕಡೆ ಬಿಡ್ತಾರೆ.

ನಿಮ್ಮ ಓಡಾಟಕ್ಕೆ ನಾನು ಹೀಗೆ ಹೊಂದಿಸ್ತಿದ್ದೆ. ಒಂದು ಕಡೆ 20 ಕಿಲೋಮೀಟರ್, ಅಂದ್ರೆ ಸುಮಾರು 300 ವ್ಯಾಟ್-ಅವರ್. ಹೋಗಿ ಬರೋದಕ್ಕೆ 600 ಬೇಕು, ಅಷ್ಟನ್ನು ಒಂದೇ ಚಾರ್ಜಿನಲ್ಲಿ ಹಿಂಡಬೇಡಿ. ಧಾರವಾಡದಲ್ಲೂ ಚಾರ್ಜ್ ಮಾಡಿ. ವೋಲ್ಟೇಜ್ ಹೊಂದಿಸಬಹುದಾದ ಚಾರ್ಜರ್ ತಗೊಂಡು 54.6ರ ಬದಲು 53.3ಕ್ಕೆ ನಿಲ್ಲಿಸಿ. ಅಲ್ಲಿಗೆ ಸೆಲ್ಲಿಗೆ 4.1 ಆಗುತ್ತೆ, ಸುಮಾರು 90% ತುಂಬಿರುತ್ತೆ. ಒಂದು ಕಡೆ ಹೋದ ಮೇಲೂ ಮೂರನೇ ಒಂದು ಪಾಲು ಉಳಿದಿರುತ್ತೆ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಪ್ಲಗ್ ಹಾಕಬೇಡಿ, ತಣ್ಣಗಾಗಲಿ.

ಒಂದು ತೊಡಕಿದೆ. ಸುಮಾರು ಬಿಎಂಎಸ್‌ಗಳು, ಅಂದ್ರೆ ಪ್ಯಾಕನ್ನು ಕಾಯುವ ಸರ್ಕ್ಯೂಟ್‌ಗಳು, ಸೆಲ್‌ಗಳನ್ನು ಸಮ ಮಾಡೋದು 4.2ರ ಹತ್ತಿರ ಹೋದಾಗ ಮಾತ್ರ. ಹಾಗಾಗಿ ತಿಂಗಳಿಗೊಮ್ಮೆ 54.6ರ ತನಕ ತುಂಬಿಸಿ, ಅವತ್ತೇ ಓಡಿಸಿಬಿಡಿ. ಆಮೇಲೆ ಬಿಎಂಎಸ್ ಕನೆಕ್ಟರಿನಲ್ಲಿ 13 ಗುಂಪುಗಳ ವೋಲ್ಟೇಜನ್ನು ಮಲ್ಟಿಮೀಟರಿನಿಂದ ನೋಡಿ ಬರೆದಿಡಿ. ಪ್ರತಿ ಸಲ ಒಂದೇ ಗುಂಪು ಉಳಿದವುಗಳಿಗಿಂತ ಕೆಳಗೆ ಜಾರುತ್ತಿದ್ದರೆ ಆ ನಾಲ್ಕರಲ್ಲಿ ಒಂದು ಸೆಲ್ ಒಳಗೇ ಸೋರುತ್ತಿರಬಹುದು. ಮತ್ತೆ ಮತ್ತೆ ಚಾರ್ಜ್ ಮಾಡಿ ಸರಿಪಡಿಸೋಕೆ ಹೋಗಬೇಡಿ, ಪ್ಯಾಕ್ ಬಿಚ್ಚಿಸಿ ಆ ಗುಂಪನ್ನು ತೆಗೆಸಿ.