“ಏನಾಯಿತು?” ಎಂದು ಕೇಳಿದ ಮೂರು ಮೇಲ್‌ಗಳ ನಂತರ

ಸಂದರ್ಶನ ಮುಗಿಸಿ ಉತ್ತರಕ್ಕಾಗಿ ಕಾದು ಬಳಲಿದವರು ಈಚೆಗೆ ನನ್ನ ಬಳಿಗೆ ಹೆಚ್ಚಾಗಿ ಬರುತ್ತಿರುವುದರಿಂದ, ಅಂಥ ಒಬ್ಬರ ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಔಷಧ ವಿತರಣಾ ಸಂಸ್ಥೆಯೊಂದರ ಗೋದಾಮಿನ ಮೇಲ್ವಿಚಾರಕಿಯ ಹುದ್ದೆಗೆ ಆಕೆಯ ಎರಡು ಸುತ್ತಿನ ಸಂದರ್ಶನ ಮುಗಿದಿತ್ತು. ನಂತರದ 16 ದಿನಗಳಲ್ಲಿ ಆಕೆ ಮ್ಯಾನೇಜರಿಗೆ ಮೂರು ಮೇಲ್ ಕಳಿಸಿದ್ದರು. ಮೊಬೈಲಿನಲ್ಲಿ ತೋರಿಸಿದರು; ಮೂರರಲ್ಲೂ ಒಂದೇ ಪ್ರಶ್ನೆ: “ಸರ್, ನನ್ನ ಅರ್ಜಿಯ ಬಗ್ಗೆ ಏನಾದರೂ ತೀರ್ಮಾನವಾಯಿತೇ?” ಒಂದಕ್ಕೂ ಉತ್ತರವಿರಲಿಲ್ಲ.

ಮ್ಯಾನೇಜರ್ ಉತ್ತರಿಸದಿರುವುದು ಎಷ್ಟೋ ಸಲ ತಿರಸ್ಕಾರವಲ್ಲ. ಹುದ್ದೆಗೆ ಹಣಕಾಸಿನ ಮಂಜೂರಾತಿ ಬಂದಿರುವುದಿಲ್ಲ, ಅಥವಾ ಮತ್ತೊಬ್ಬ ಅಭ್ಯರ್ಥಿಯ ಒಪ್ಪಿಗೆಗಾಗಿ ಅವರೇ ಕಾಯುತ್ತಿರುತ್ತಾರೆ. ಎರಡನ್ನೂ ಹೊರಗೆ ಹೇಳುವಂತಿಲ್ಲ. ಕೊಡಲು ಅವರ ಬಳಿ ಇಲ್ಲದ ಉತ್ತರವನ್ನೇ ಕೇಳುವ ಮೇಲ್ ಬದಿಗೆ ಸರಿಯುತ್ತದೆ.

“ಸಂದರ್ಶನದಲ್ಲಿ ಅವರು ತಮ್ಮ ಕಷ್ಟ ಏನಾದರೂ ಹೇಳಿಕೊಂಡರೇ?” ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿದರು. “ಎಕ್ಸ್‌ಪೈರಿ ಹತ್ತಿರವಾದ ಮಾಲು ಪ್ರತಿ ತಿಂಗಳೂ ಉಳಿದುಬಿಡುತ್ತೆ ಅಂದ್ರು ಮೇಡಂ. ನಮ್ಮಲ್ಲೂ ಹಾಗೇ ಆಗ್ತಿತ್ತು. ಮೊದಲು ಬಂದ ಪೆಟ್ಟಿಗೆಯನ್ನೇ ಮೊದಲು ಕಳಿಸ್ತಾರೆ. ಆದರೆ ಆಮೇಲೆ ಬಂದ ಬ್ಯಾಚ್‌ನ ಅವಧಿಯೇ ಮೊದಲು ಮುಗಿಯೋದಿರುತ್ತೆ, ಅದನ್ನ ಯಾರೂ ನೋಡಲ್ಲ.” ಅಷ್ಟು ಹೊತ್ತು ಅಳುಕುತ್ತಿದ್ದ ದನಿ ಇಲ್ಲಿ ಗಟ್ಟಿಯಾಗಿತ್ತು. ಈ ಮಾತನ್ನೇ ಬರೆಯಿರಿ ಎಂದೆ.

ಅಲ್ಲೇ ಕುಳಿತು, ಹಳೆಯ ಮೇಲ್‌ಗೇ ಉತ್ತರವಾಗಿ ಬರೆದರು: “ಎಕ್ಸ್‌ಪೈರಿ ಮಾಲಿನ ಬಗ್ಗೆ ತಾವು ಹೇಳಿದ್ದನ್ನು ಯೋಚಿಸುತ್ತಿದ್ದೆ. ಬಂದ ದಿನಾಂಕದ ಬದಲು ಅವಧಿ ಮುಗಿಯುವ ದಿನಾಂಕದ ಕ್ರಮದಲ್ಲಿ ಮಾಲು ತೆಗೆದು, 90 ದಿನಕ್ಕಿಂತ ಕಡಿಮೆ ಅವಧಿಯಿರುವ ಪೆಟ್ಟಿಗೆಗಳಿಗೆ ಕೆಂಪು ಚೀಟಿ ಅಂಟಿಸುವುದನ್ನು ಒಂದೇ ಸಾಲಿನ ರ‍್ಯಾಕ್‌ನಲ್ಲಿ ಪ್ರಯತ್ನಿಸಬಹುದೇನೋ. ತಮ್ಮಲ್ಲಿ ಈಗಾಗಲೇ ಈ ಪದ್ಧತಿಯಿದ್ದರೆ, ತೊಡಕು ಎಲ್ಲಿದೆಯೆಂದು ತಿಳಿಯುವ ಕುತೂಹಲವಿದೆ.” ಕೊನೆಯಲ್ಲಿ ಆಯ್ಕೆಯ ವಿಚಾರ ಕೇಳಲು ಹೊರಟಾಗ ತಡೆದೆ, ಆ ಒಂದು ಸಾಲು ಸೇರಿದರೆ ಮೇಲಿನದೆಲ್ಲ ನೆಪವಾಗಿ ಕಾಣುತ್ತದೆ.

ಇದು ಬಿಟ್ಟಿ ದುಡಿಮೆಯಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹತ್ತು ಪುಟದ ಯೋಜನೆ ಕಳಿಸಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ. ಐದಾರು ಸಾಲು ಮೀರಬಾರದು, ಹಳೆಯ ಕಂಪನಿಯ ಅಂಕಿಅಂಶ ಬಳಸಬಾರದು, ಸಂದರ್ಶನದಲ್ಲಿ ಅವರೇ ಎತ್ತಿದ ವಿಷಯವಾಗಿರಬೇಕು ಎಂಬ ಮಿತಿ ಹಾಕಿದ್ದು ಅದಕ್ಕಾಗಿಯೇ. ಅಂಥ ವಿಷಯ ನೆನಪಿಗೆ ಬಾರದಿದ್ದರೆ ಬರೆಯದಿರುವುದೇ ಲೇಸು. ಸಂಸ್ಥೆಯ ಒಳಗನ್ನು ಕಾಣದೆ ಊಹಿಸಿ ಕೊಟ್ಟ ಸಲಹೆ ತಪ್ಪು ಹುಡುಕಿದಂತಾಗುತ್ತದೆ.

ಮೂರನೆಯ ದಿನ ಉತ್ತರ ಬಂತು. ಒಂದೇ ರ‍್ಯಾಕ್‌ನಲ್ಲಿ ಹಲವು ಬ್ಯಾಚ್ ಬೆರೆತಿದ್ದರೆ ಚೀಟಿ ಅಂಟಿಸುವವರು ಯಾರು ಎಂದು ಮ್ಯಾನೇಜರ್ ಕೇಳಿದ್ದರು; ಮಂಜೂರಾತಿ ತಿಂಗಳ ಕೊನೆಗೆ ಬರಬಹುದೆಂದೂ ತಾವಾಗಿಯೇ ತಿಳಿಸಿದ್ದರು. ಆಕೆ ಆ ಪ್ರಶ್ನೆಗೆ ಉತ್ತರ ಬರೆದು, ನಾವು ಮೊದಲೇ ಮಾತಾಡಿಕೊಂಡಂತೆ ಅದೇ ವಾರ ಇನ್ನೆರಡು ಕಡೆ ಅರ್ಜಿ ಹಾಕಿದರು.