'ಮೆಂಬ್ರೇನ್ ಹೋಗಿದೆ ಅಂತ ಸುಮ್ಮನೆ ಹೇಳ್ತೀರಾ' ಎನ್ನುವ ಗ್ರಾಹಕರಿಗೆ ಜಾಹೀರಾತಿನಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಮ್ಮದು ಆರ್‌ಒ ಸರ್ವಿಸ್. ಅನಗತ್ಯವಾಗಿ ಪಾರ್ಟ್ ಬದಲಿಸ್ತೀರಿ, ನೀರು ಪೋಲಾಗುತ್ತೆ ಅಂತಾರೆ ಜನ. ಪಾಂಪ್ಲೆಟ್‌ನಲ್ಲಿ ಏನು ಉತ್ತರ ಕೊಡಲಿ?

ಉತ್ತರ: 'ನಂಬಿಕಸ್ಥ ಸೇವೆ' ಎಂದು ಬರೆದರೆ ಅನುಮಾನ ಹೋಗುವುದಿಲ್ಲ. ಗ್ರಾಹಕರೇ ಪರೀಕ್ಷಿಸುವ ದಾರಿ ತೋರಿಸಿ:

"ಮೆಂಬ್ರೇನ್ ಬದಲಿಸುವ ಮೊದಲು ನಿಮ್ಮ ಕಣ್ಣೆದುರೇ ಟಿಡಿಎಸ್ ಅಳೆಯುತ್ತೇವೆ. ಬೋರ್‌ವೆಲ್ ನೀರು 900 ಇದ್ದು ಶುದ್ಧ ನೀರು 90 ಬಂದರೆ ಮೆಂಬ್ರೇನ್ ಚೆನ್ನಾಗಿದೆ, ಬದಲಿಸುವುದಿಲ್ಲ. 250 ಬಂದರೆ ಕಾರಣ ಹುಡುಕುತ್ತೇವೆ."

ಆ 'ಕಾರಣ ಹುಡುಕುವುದು' ಮುಖ್ಯ. ರುಚಿಗೆಂದು ಸ್ವಲ್ಪ ಹಸಿ ನೀರು ಬೆರೆಸುವ ಟಿಡಿಎಸ್ ವಾಲ್ವ್ ಹೆಚ್ಚು ತೆರೆದಿದ್ದರೂ ಅಂಕಿ ಏರುತ್ತದೆ. ಆದ್ದರಿಂದ ನಲ್ಲಿಯಲ್ಲಲ್ಲ, ಮೆಂಬ್ರೇನ್‌ನಿಂದ ಹೊರಬರುವ ಪೈಪಿನಲ್ಲೇ ಅಳೆಯಬೇಕು. ನೀರು ಸಣ್ಣಗೆ ಬರುತ್ತಿದ್ದರೆ ಮೊದಲು ಸೆಡಿಮೆಂಟ್ ಫಿಲ್ಟರ್ ನೋಡಬೇಕು. ಅದು ಕಟ್ಟಿಕೊಂಡಿರುವುದೇ ಹೆಚ್ಚು. ತೆಗೆದ ಹಳೆಯ ಪಾರ್ಟನ್ನು ಗ್ರಾಹಕರ ಕೈಗೇ ಕೊಡುತ್ತೇವೆಂದೂ ಬರೆಯಿರಿ.

ನೀರಿನ ಆಕ್ಷೇಪ ನಿಜವೇ, ಒಪ್ಪಿಕೊಳ್ಳಿ. ಮನೆಯ ಯಂತ್ರ 1 ಲೀಟರ್ ಕೊಟ್ಟು 3 ಲೀಟರ್ ಹೊರಬಿಟ್ಟರೆ, 900 ಟಿಡಿಎಸ್ ನೀರಿನ ಉಪ್ಪು ಬಹುತೇಕ ಆ ಮೂರರಲ್ಲಿ ಸೇರಿ ಸುಮಾರು 1170 ಆಗುತ್ತದೆ. ನೆಲ ಒರೆಸಲು, ಟಾಯ್ಲೆಟ್‌ಗೆ ಸಾಕು. ಕುಂಡದ ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂಡುತ್ತದೆ. ಅದನ್ನು 'ಗಿಡಕ್ಕೆ ಹಾಕಿ' ಎಂದು ಬರೆಯಬೇಡಿ.

ಕುಡಿಯುವ ನೀರಿಗೆ ಬಿಐಎಸ್ ಹೇಳುವ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಮನೆಯ ನೀರಿನ ಟಿಡಿಎಸ್ ಅದಕ್ಕಿಂತ ಕಡಿಮೆಯಿದ್ದು, ಫ್ಲೋರೈಡ್, ನೈಟ್ರೇಟ್ ತೊಂದರೆ ಇಲ್ಲದಿದ್ದರೆ ಯುವಿ ಸಾಕೆಂದು ನೀವೇ ಹೇಳಿ.